ಒಬ್ಬರೇ ಕನ್ಸಲ್ಟೆಂಟ್, ಮೂರು ಥೀಮ್: ತಿಂಗಳ ಕಂಟೆಂಟ್ ಕ್ಯಾಲೆಂಡರ್ ಕಟ್ಟೋದು ಹೇಗೆ?

ಪ್ರಶ್ನೆ: ನಾನು ಸಣ್ಣ ಕಾರ್ಖಾನೆಗಳಿಗೆ ಸ್ಟಾಕ್ ಮತ್ತು ಖರೀದಿ ವಿಷಯದಲ್ಲಿ ಸಲಹೆ ಕೊಡುವ ಕನ್ಸಲ್ಟೆಂಟ್. ಒಬ್ಬಳೇ ಕೆಲಸ ಮಾಡುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಬರೆಯುತ್ತೇನೆ, ಸುಮಾರು 300 ಜನರ ಇಮೇಲ್ ಪಟ್ಟಿಯೂ ಇದೆ. 30 ದಿನಗಳ ರೆಡಿಮೇಡ್ ಕ್ಯಾಲೆಂಡರ್ ಇಟ್ಟುಕೊಂಡು ಮೂರು ಸಲ ಶುರು ಮಾಡಿದೆ. ಪ್ರತಿ ಸಲವೂ ಹೊಸ ಪ್ರಾಜೆಕ್ಟ್ ಬಂದ ಕೂಡಲೇ ನಿಂತುಹೋಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲೆ. "ಮೂರ್ನಾಲ್ಕು ಥೀಮ್ ಇಟ್ಟುಕೊಳ್ಳಿ" ಅಂತ ಎಲ್ಲರೂ ಹೇಳ್ತಾರೆ. ಯಾವುದನ್ನು ಥೀಮ್ ಅನ್ನೋದು, ಅದನ್ನು ತಿಂಗಳಿಗೆ ಹೇಗೆ ಹಂಚೋದು ಗೊತ್ತಾಗ್ತಿಲ್ಲ. ದಿನಾ ಬರೆಯದಿದ್ದರೆ ಜನ ಮರೆತುಬಿಡ್ತಾರಾ? ಅದೇ ವಿಷಯ ಮತ್ತೆ ಮತ್ತೆ ಬಂದರೆ ಬೇಜಾರಾಗಲ್ವಾ?

ಉತ್ತರ: ಮೇಡಂ, ಮೊದಲು ದಿನಾ ಬರೆಯುವ ವಿಷಯ ಮುಗಿಸಿಬಿಡೋಣ. ಬೇಕಾಗಿಲ್ಲ. ದಿನಾ ಬರೆಯಬೇಕು ಅನ್ನೋ ಸಲಹೆ ಜಾಹೀರಾತಿನಿಂದ ಸಂಪಾದಿಸುವವರಿಗೆ, ಸಾವಿರಾರು ಜನಕ್ಕೆ ಕಡಿಮೆ ಬೆಲೆಯ ಕೋರ್ಸ್ ಮಾರುವವರಿಗೆ ಸರಿ. ಅವರಿಗೆ ತಲೆಗಳ ಸಂಖ್ಯೆಯೇ ಮುಖ್ಯ. ನಿಮಗೆ ವರ್ಷಕ್ಕೆ ಎಂಟೋ ಹತ್ತೋ ಒಳ್ಳೆಯ ಕ್ಲೈಂಟ್ ಸಿಕ್ಕರೆ ಕೈ ತುಂಬ ಕೆಲಸ. ಕಾರ್ಖಾನೆ ಮಾಲೀಕರು ಸ್ಟಾಕ್ ಕನ್ಸಲ್ಟೆಂಟ್ ಬೇಕು ಅಂತ ದಿನಾ ಯೋಚಿಸುವುದಿಲ್ಲ. ಒಂದು ದೊಡ್ಡ ಆರ್ಡರ್ ತಪ್ಪಿದಾಗ, ವರ್ಷದ ಕೊನೆಯ ಎಣಿಕೆಯಲ್ಲಿ ಲೆಕ್ಕ ತಾಳೆಯಾಗದಿದ್ದಾಗ, ಬ್ಯಾಂಕಿನವರು ಸ್ಟಾಕ್ ಪಟ್ಟಿ ಕೇಳಿದಾಗ ಯೋಚಿಸುತ್ತಾರೆ. ಆ ಹೊತ್ತಿಗೆ "ಈ ತೊಂದರೆ ಬಗ್ಗೆ ಬರೀತಾರಲ್ಲ, ಅವರು" ಅಂತ ನಿಮ್ಮ ಹೆಸರು ನೆನಪಾದರೆ ಸಾಕು. ಅದಕ್ಕೆ ತಿಂಗಳಿಗೆ ಮೂವತ್ತು ಪೋಸ್ಟ್ ಬೇಡ. ಒಂದೇ ತೊಂದರೆಯ ಜೊತೆ ನಿಮ್ಮ ಹೆಸರು ಸಾಕಷ್ಟು ಸಲ ಕಾಣಿಸಬೇಕು, ಅಷ್ಟೆ.

ರೆಡಿಮೇಡ್ ಕ್ಯಾಲೆಂಡರ್ ಏಕೆ ನಿಂತುಹೋಯಿತು ಅನ್ನೋದು ಇನ್ನೂ ಮುಖ್ಯ. ಅಂಥ ಕ್ಯಾಲೆಂಡರ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಸೋಮವಾರ "ಒಂದು ಸಲಹೆ", ಮಂಗಳವಾರ "ತೆರೆಮರೆಯ ಚಿತ್ರ", ಬುಧವಾರ "ಸ್ಫೂರ್ತಿಯ ಮಾತು", ಮಧ್ಯೆ ಮಧ್ಯೆ ಯಾವುದೋ ವಿಶ್ವ ದಿನಾಚರಣೆ. ಅಲ್ಲಿ ತಾರೀಖು ಇರುತ್ತದೆ, ಬರಹದ ರೂಪ ಇರುತ್ತದೆ. ಸರಕು ಇರುವುದಿಲ್ಲ. ಏನು ಹೇಳಬೇಕು ಅಂತ ಆ ದಿನ ಬೆಳಿಗ್ಗೆ ಕೂತು ಯೋಚಿಸಬೇಕು. ಪ್ರಾಜೆಕ್ಟ್ ನಡೆಯುವಾಗ ಬರೆಯುವುದಕ್ಕೆ ಹೇಗೋ ಅರ್ಧ ಗಂಟೆ ಸಿಗುತ್ತದೆ, ಹೊಸದಾಗಿ ಯೋಚಿಸಲು ತಲೆ ಖಾಲಿ ಇರುವುದಿಲ್ಲ. ಹಾಗಾಗಿ ನಿಮ್ಮ ಶಿಸ್ತಿನ ಬಗ್ಗೆ ಬೇಸರ ಪಡಬೇಡಿ. ಯೋಚನೆಯನ್ನು ಬಿಡುವಿದ್ದಾಗಲೇ ಮುಗಿಸಿಡುವ ಏರ್ಪಾಡು ಆ ಕ್ಯಾಲೆಂಡರಿನಲ್ಲಿ ಇರಲಿಲ್ಲ. ಥೀಮ್‌ಗಳು ಮಾಡುವುದು ಆ ಕೆಲಸವನ್ನೇ.

ಯಾವುದು ಥೀಮ್, ಯಾವುದು ಅಲ್ಲ

ಹೆಚ್ಚಿನವರು ಥೀಮ್ ಅಂದಾಗ "ಸಪ್ಲೈ ಚೈನ್", "ನಾಯಕತ್ವ", "ದಕ್ಷತೆ" ಅಂತ ಬರೆದುಕೊಳ್ಳುತ್ತಾರೆ. ಇವು ಪುಸ್ತಕದಂಗಡಿಯ ವಿಭಾಗಗಳು. ಇಷ್ಟು ಅಗಲದ ಮಾತಿನಿಂದ ನಾಳೆ ಏನು ಬರೆಯಬೇಕು ಅನ್ನೋದು ಹುಟ್ಟುವುದಿಲ್ಲ. ನಿಮ್ಮಂಥವರಿಗೆ ಥೀಮ್ ಅಂದರೆ ಕ್ಲೈಂಟ್ ತನ್ನ ಬಾಯಲ್ಲೇ ಹೇಳುವ ಒಂದು ತೊಂದರೆ, ಮತ್ತು ಅದನ್ನು ಸರಿಮಾಡಲು ನೀವು ಈಗಾಗಲೇ ಹಣ ಪಡೆದು ಮಾಡುತ್ತಿರುವ ಒಂದು ಕೆಲಸ. ಎರಡೂ ಸೇರಿದರೇ ಥೀಮ್.

ಹಳೆಯ ಕ್ಲೈಂಟ್‌ಗಳ ಮೊದಲ ಇಮೇಲ್‌ಗಳನ್ನು, ಮೊದಲ ಫೋನ್ ಮಾತಿನ ಟಿಪ್ಪಣಿಗಳನ್ನು ತೆಗೆದು ಓದಿ. ಅವರು ನಿಮ್ಮ ಪಾಠ ಕೇಳುವ ಮುಂಚೆ ಬಳಸಿದ ಮಾತುಗಳು ಅಲ್ಲಿವೆ. ನಿಮ್ಮ ಕೆಲಸ ನೋಡಿದರೆ ಮೂರು ಬಗೆಯ ದೂರುಗಳು ಸಿಗಬಹುದು ಅಂತ ನನ್ನ ಊಹೆ. "ಎಷ್ಟೋ ವರ್ಷದಿಂದ ಬಿದ್ದಿರೋ ಸರಕು, ದುಡ್ಡೆಲ್ಲ ಅಲ್ಲೇ ಕೂತಿದೆ." "ಸ್ಟೋರ್ ತುಂಬಿದೆ, ಆದರೂ ಬೇಕಾದ ದಿನ ಬೇಕಾದ ಐಟಂ ಇರಲ್ಲ." "ಕಂಪ್ಯೂಟರಲ್ಲಿ ಒಂದು ಲೆಕ್ಕ, ರ‍್ಯಾಕಲ್ಲಿ ಇನ್ನೊಂದು ಲೆಕ್ಕ." ಇವೇ ಮೂರು ಥೀಮ್. ಹೆಸರನ್ನೂ ಹಾಗೇ ಇಡಿ: ನಿಂತ ಸರಕು, ಸಿಗದ ಸರಕು, ತಾಳೆಯಾಗದ ಲೆಕ್ಕ. ನಾಲ್ಕನೆಯದು ಸದ್ಯಕ್ಕೆ ಬೇಡ. ಒಬ್ಬರೇ ಇರುವಾಗ ನಾಲ್ಕು ಥೀಮ್ ಇಟ್ಟರೆ ಒಂದು ಥೀಮ್‌ಗೆ ವರ್ಷದಲ್ಲಿ ಮೂರೇ ತಿಂಗಳು ಬರುತ್ತದೆ. ಹೆಸರು ನೆನಪಿನಲ್ಲಿ ಉಳಿಯಲು ಅದು ಕಡಿಮೆ.

ಒಂದು ವಿಷಯ ಥೀಮ್ ಆಗಬಲ್ಲದೇ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷದಲ್ಲಿ ಆ ವಿಷಯದ ಬಗ್ಗೆ ಕ್ಲೈಂಟ್‌ಗಳು ನಿಜವಾಗಿ ಕೇಳಿದ ಹನ್ನೆರಡು ಪ್ರಶ್ನೆ ಬರೆಯಿರಿ. ನೀವೇ ಹುಟ್ಟಿಸಿದ ಪ್ರಶ್ನೆ ಲೆಕ್ಕಕ್ಕಿಲ್ಲ. ಐದಾರಕ್ಕೇ ನಿಂತರೆ ಅದು ಇನ್ನೊಂದು ಥೀಮಿನ ಒಳಗೆ ಬರುವ ಉಪವಿಷಯ. ಅಲ್ಲೇ ಸೇರಿಸಿ.

ಇನ್ನೊಂದು ಎಚ್ಚರಿಕೆ. "ಯಾವ ಸ್ಟಾಕ್ ಸಾಫ್ಟ್‌ವೇರ್ ಒಳ್ಳೇದು?" ಅನ್ನೋ ಪ್ರಶ್ನೆ ನಿಮಗೆ ಖಂಡಿತ ಬರುತ್ತಿರುತ್ತದೆ. ಅದರ ಬಗ್ಗೆ ಬರೆದರೆ ಜನ ಜಾಸ್ತಿ ಓದುತ್ತಾರೆ. ಆದರೆ ಸಾಫ್ಟ್‌ವೇರ್ ಆರಿಸಿಕೊಡುವ ಕೆಲಸ ನೀವು ಮಾಡದಿದ್ದರೆ ಅದನ್ನು ಥೀಮ್ ಮಾಡಬೇಡಿ. ಬರುವ ವಿಚಾರಣೆಗಳೆಲ್ಲ "ಈ ಎರಡರಲ್ಲಿ ಯಾವುದು?" ಅಂತಲೇ ಇರುತ್ತವೆ. ಉತ್ತರ ಕೊಟ್ಟು ಕೊಟ್ಟು ನಿಮ್ಮ ಎರಡು ಗಂಟೆ ಅಲ್ಲೇ ಮುಗಿಯುತ್ತದೆ, ಕೆಲಸ ಒಂದೂ ಬರುವುದಿಲ್ಲ.

ಹಂಚುವ ದಾರಿಗಳು

ಮೂರು ಥೀಮ್‌ಗಳನ್ನು ಹಂಚಲು ಎರಡು ರೂಢಿಗಳಿವೆ. ಒಂದು, ವಾರಕ್ಕೊಂದು ಥೀಮ್ ಸುತ್ತುವುದು. ನೋಡಲು ವೈವಿಧ್ಯ ಇರುತ್ತದೆ, ಬರೆಯುವವರಿಗೂ ಬೇಜಾರಿಲ್ಲ. ಆದರೆ ಪ್ರತಿ ವಾರ ತಲೆಯನ್ನು ಬೇರೆ ವಿಷಯಕ್ಕೆ ಹೊರಳಿಸಬೇಕು. ಯಾವ ವಿಷಯವೂ ಆಳಕ್ಕೆ ಹೋಗುವುದಿಲ್ಲ. ಒಂದು ವಾರ ತಪ್ಪಿದರೆ ಒಂದು ಥೀಮ್ ಪೂರ್ತಿ ತಿಂಗಳು ಕಾಣೆಯಾಗುತ್ತದೆ.

ಇನ್ನೊಂದು, ತಿಂಗಳಿಗೊಂದೇ ಥೀಮ್. ಅದಕ್ಕೂ ಅಪಾಯ ಇದೆ. ತಾಳೆಯಾಗದ ಲೆಕ್ಕದ ತಲೆನೋವಿರುವ ಮಾಲೀಕರು ನೀವು ಸಿಗದ ಸರಕಿನ ಬಗ್ಗೆ ಬರೆಯುವ ತಿಂಗಳಲ್ಲಿ ಬಂದರೆ ಅವರಿಗೆ ಬೇಕಾದ್ದು ಎದುರಿಗೆ ಇರುವುದಿಲ್ಲ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರತಿ ಥೀಮಿನ ಒಂದು ಒಳ್ಳೆಯ ಲೇಖನದ ಲಿಂಕ್ ನಿಮ್ಮ ಪ್ರೊಫೈಲ್‌ನಲ್ಲಿ, ಇಮೇಲ್ ಕೊನೆಯಲ್ಲಿ ಯಾವಾಗಲೂ ಇರಲಿ. ವಾರಕ್ಕೆ ಎರಡೇ ಗಂಟೆ ಇರುವವರಿಗೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ಒಂದು ಸಲ ಯೋಚಿಸಿದ್ದನ್ನು ನಾಲ್ಕು ವಾರ ಬಳಸಬಹುದು, ಅದೇ ದೊಡ್ಡ ಲಾಭ. ಯಾವ ತಿಂಗಳಿಗೆ ಯಾವುದು ಅನ್ನೋದಕ್ಕೂ ಸ್ವಲ್ಪ ತಲೆ ಓಡಿಸಿ. ವಾರ್ಷಿಕ ಎಣಿಕೆಗೆ ಒಂದೂವರೆ ತಿಂಗಳ ಮುಂಚೆ "ತಾಳೆಯಾಗದ ಲೆಕ್ಕ" ಬರಲಿ. ಎಣಿಕೆ ಮುಗಿದ ಮೇಲೆ, ಏನೇನು ಬಿದ್ದಿದೆ ಅಂತ ಕಣ್ಣಾರೆ ಕಂಡಾಗ "ನಿಂತ ಸರಕು" ಬರಲಿ.

ಒಂದು ತಿಂಗಳನ್ನು ಕಟ್ಟಿ ನೋಡೋಣ

ನಿಮ್ಮ ಹತ್ತಿರ ತಿಂಗಳಿಗೆ ಎಂಟು ಗಂಟೆ ಇದೆ. ಆರು ಗಂಟೆಗೆ ಮಾತ್ರ ಯೋಜನೆ ಹಾಕಿ. ಉಳಿದ ಎರಡು ಗಂಟೆ ಕಾಮೆಂಟಿಗೆ, ಇಮೇಲಿಗೆ ಉತ್ತರ ಬರೆಯಲು. ಕೆಲಸ ಬರುವುದು ಹೆಚ್ಚಾಗಿ ಆ ಉತ್ತರಗಳಿಂದಲೇ, ಹಾಗಾಗಿ ಅದನ್ನು ಕಡಿಮೆ ಮಾಡಬೇಡಿ. ಆರು ಗಂಟೆಯಲ್ಲಿ ಮುಕ್ಕಾಲು ಗಂಟೆ ಯೋಜನೆಗೆ, ಮೂರು ಗಂಟೆ ಒಂದು ಮುಖ್ಯ ಲೇಖನಕ್ಕೆ, ಒಂದೂವರೆ ಗಂಟೆ ಎರಡು ಚಿಕ್ಕ ಪೋಸ್ಟ್‌ಗಳಿಗೆ, ಮುಕ್ಕಾಲು ಗಂಟೆ ಇಮೇಲಿಗೆ. ನಾಲ್ಕು ವಾರಕ್ಕೆ ನಾಲ್ಕು ಬರಹ, ಇಷ್ಟೇ.

ಥೀಮ್ "ಸಿಗದ ಸರಕು" ಅಂತ ಇಟ್ಟುಕೊಳ್ಳಿ. ಹಿಂದಿನ ತಿಂಗಳ ಕೊನೆಯಲ್ಲಿ ಮುಕ್ಕಾಲು ಗಂಟೆ ಕೂತು, ನಿಮ್ಮ ಪ್ರಶ್ನೆಪಟ್ಟಿಯಿಂದ ಒಂದೇ ಒಂದು ಮುಖ್ಯ ಪ್ರಶ್ನೆ ಆರಿಸಿ: "ಯಾವಾಗ ಆರ್ಡರ್ ಹಾಕಬೇಕು ಅಂತ ಗೊತ್ತಾಗೋದು ಹೇಗೆ?" ನಾಲ್ಕೂ ವಾರ ಈ ಪ್ರಶ್ನೆಯ ಸುತ್ತಲೇ.

ಮೊದಲ ವಾರ ಚಿಕ್ಕ ಪೋಸ್ಟ್. ಉತ್ತರ ಕೊಡಬೇಡಿ, ತೊಂದರೆಯನ್ನು ಬಿಡಿಸಿ ಹೇಳಿ. ಸ್ಟೋರಿನಲ್ಲಿ ಕಾಲಿಡಲು ಜಾಗ ಇಲ್ಲ, ಆದರೆ ಒಂದು ಸಣ್ಣ ಬೇರಿಂಗ್ ಇಲ್ಲದೆ ಯಂತ್ರ ನಿಂತಿದೆ. ಖರೀದಿಯವರು ಗಾಬರಿಯಿಂದ ಹೆಚ್ಚು ಬೆಲೆಗೆ ತರಿಸುತ್ತಾರೆ, ಭಯಕ್ಕೆ ಎರಡರಷ್ಟು ತರಿಸುತ್ತಾರೆ, ಹೀಗೆ ಸ್ಟೋರ್ ಇನ್ನೂ ತುಂಬುತ್ತದೆ. ಕೊನೆಗೆ ಕೇಳಿ: ನಿಮ್ಮಲ್ಲಿ ಆರ್ಡರ್ ಹಾಕುವ ಹೊತ್ತು ಯಾರು ನಿರ್ಧರಿಸುತ್ತಾರೆ? ಲೇಖನವನ್ನೇ ಮೊದಲ ವಾರ ಹಾಕಬಾರದಾ ಅಂತ ನಿಮಗೆ ಅನ್ನಿಸಬಹುದು. ಈ ಪೋಸ್ಟ್‌ಗೆ ಬರುವ ನಾಲ್ಕೈದು ಉತ್ತರಗಳಲ್ಲಿ ನಿಮ್ಮ ಲೇಖನಕ್ಕೆ ಬೇಕಾದ ಮಾತುಗಳು ಸಿಗುತ್ತವೆ. "ಸ್ಟೋರ್ ಕೀಪರ್ ನೆನಪಿನ ಮೇಲೆ ನಡೀತದೆ" ಅಂತ ಒಬ್ಬರು ಬರೆದರೆ, ಲೇಖನದ ಮೊದಲ ಸಾಲು ಸಿಕ್ಕಿತು ಅಂತಲೇ ಲೆಕ್ಕ. ಏನೂ ಉತ್ತರ ಬರದಿದ್ದರೂ ಅದೊಂದು ಸುಳಿವು. ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು ಅಂತ ಮೂರು ಗಂಟೆ ಕಳೆಯುವ ಮುಂಚೆಯೇ ತಿಳಿಯುತ್ತದೆ.

ಎರಡನೇ ವಾರ ಮುಖ್ಯ ಲೇಖನ. ಒಂದೇ ಐಟಂ ತೆಗೆದುಕೊಂಡು ಲೆಕ್ಕ ಪೂರ್ತಿ ಮಾಡಿ ತೋರಿಸಿ. ದಿನಕ್ಕೆ 40 ಬೇರಿಂಗ್ ಖರ್ಚಾಗುತ್ತವೆ, ಸಪ್ಲೈಯರ್ ಕಳಿಸಲು 12 ದಿನ ತೆಗೆದುಕೊಳ್ಳುತ್ತಾರೆ ಅಂದರೆ ಆ ಅವಧಿಗೆ 480 ಬೇಕು. ಐದು ದಿನದ ಖರ್ಚನ್ನು, ಅಂದರೆ 200, ಕೈಕಾವಲಿಗೆ ಇಟ್ಟುಕೊಂಡರೆ ರೀಆರ್ಡರ್ ಲೆವೆಲ್ 680. ಸ್ಟಾಕ್ 680 ಮುಟ್ಟಿದ ದಿನ ಆರ್ಡರ್ ಹೋಗಬೇಕು. ಇಷ್ಟೆಲ್ಲ ಪುಕ್ಕಟೆ ಹೇಳಿಬಿಟ್ಟರೆ ನನ್ನನ್ನು ಯಾರು ಕರೀತಾರೆ ಅನ್ನೋ ಭಯ ಬಹಳ ಕನ್ಸಲ್ಟೆಂಟ್‌ಗಳಿಗೆ ಇದೆ. ಒಂದು ಐಟಂನ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಸಾವಿರಾರು ಐಟಂಗಳಲ್ಲಿ ಯಾವುದಕ್ಕೆ ಈ ಲೆಕ್ಕ ಬೇಕು, ಯಾವುದಕ್ಕೆ ಬೇಡ, ದಿನದ ಖರ್ಚಿನ ಅಂಕಿಯನ್ನೇ ನಂಬಬಹುದಾ, ಸ್ಟೋರಿನವರು ಅದನ್ನು ಪಾಲಿಸುವಂತೆ ಮಾಡೋದು ಹೇಗೆ, ಇದಕ್ಕಾಗಿ ನಿಮ್ಮನ್ನು ಕರೆಯುತ್ತಾರೆ. ಲೆಕ್ಕ ಮಾಡಿ ನೋಡಿದವರಿಗೇ ಈ ಕಷ್ಟ ಗೊತ್ತಾಗುವುದು.

ಮೂರನೇ ವಾರ ಮತ್ತೆ ಚಿಕ್ಕ ಪೋಸ್ಟ್, ಈ ಸಲ ಓದುಗರ ಆಕ್ಷೇಪಕ್ಕೆ. ಲೇಖನ ಓದಿದವರು ಹೇಳುವ ಮೊದಲ ಮಾತು ಇದು: "ನಮ್ಮ ಸಪ್ಲೈಯರ್ ಒಂದು ಸಲ 12 ದಿನ, ಇನ್ನೊಂದು ಸಲ 20 ದಿನ ಮಾಡ್ತಾರೆ. ಈ ಲೆಕ್ಕ ಎಲ್ಲಿ ನಡೆಯತ್ತೆ?" ಇದನ್ನು ಅವರ ಮಾತಲ್ಲೇ ಎತ್ತಿಕೊಳ್ಳಿ. 8 ದಿನ ತಡವಾಗಬಹುದು ಅಂದರೆ ಕೈಕಾವಲಿಗೆ 200 ಸಾಲದು, 320 ಬೇಕು. ಲೆವೆಲ್ 800 ಆಗುತ್ತದೆ. ಅಂದರೆ ಸಪ್ಲೈಯರ್ ತಡ ಮಾಡುವುದಕ್ಕೆ 120 ಬೇರಿಂಗ್‌ಗಳ ಹಣವನ್ನು ನೀವು ಕಟ್ಟಿಹಾಕುತ್ತಿದ್ದೀರಿ. ಮುಂದಿನ ಸಲ ಬೆಲೆ ಮಾತಾಡುವಾಗ ಈ ಅಂಕಿ ಕೈಯಲ್ಲಿರಲಿ. ನಾಲ್ಕು ಬರಹಗಳಲ್ಲಿ ಮಾಲೀಕರಿಗೆ ಅತಿ ಹತ್ತಿರವಾಗುವುದು ಇದೇ. ಅವರು ಮನಸ್ಸಲ್ಲೇ ಹೇಳಿಕೊಂಡಿದ್ದಕ್ಕೆ ಇಲ್ಲಿ ಉತ್ತರ ಸಿಗುತ್ತದೆ.

ನಾಲ್ಕನೇ ವಾರ ಇಮೇಲ್. ಹೊಸದೇನೂ ಬರೆಯಬೇಡಿ. ಎರಡನೇ ವಾರದ ಲೇಖನವನ್ನು ಚಿಕ್ಕದು ಮಾಡಿ, ಮೂರನೇ ವಾರದ ಆಕ್ಷೇಪವನ್ನು ಸೇರಿಸಿ, ಕೊನೆಗೆ ಒಂದೇ ಕರೆ: "ಪದೇ ಪದೇ ಖಾಲಿಯಾಗುವ ನಿಮ್ಮ ಐದು ಐಟಂಗಳ ಪಟ್ಟಿ ಕಳಿಸಿ, ಅರ್ಧ ಗಂಟೆ ಮಾತಾಡೋಣ." ಲಿಂಕ್ಡ್‌ಇನ್‌ನಲ್ಲಿ ಓದಿದ್ದನ್ನೇ ಇಮೇಲಲ್ಲೂ ಓದಿ ಬೇಜಾರಾಗುತ್ತಾರೆ ಅನ್ನೋ ಚಿಂತೆ ಬೇಡ. ನಿಮ್ಮನ್ನು ಫಾಲೋ ಮಾಡುವವರಿಗೆಲ್ಲ ನಿಮ್ಮ ಪೋಸ್ಟ್ ಕಾಣಿಸುವುದೇ ಇಲ್ಲ. ಕಂಡವರೂ ಎರಡು ವಾರದ ಹಿಂದಿನ ಅಂಕಿ ನೆನಪಿಟ್ಟುಕೊಂಡಿರುವುದಿಲ್ಲ.

ಐದು ವಾರದ ತಿಂಗಳು ಬಂದರೆ ಐದನೇ ವಾರ ಖಾಲಿ ಬಿಡಿ.

ಹಾಳೆಯಲ್ಲಿ ಏನಿರಬೇಕು

ಆ್ಯಪ್ ಬೇಕಾಗಿಲ್ಲ, ಒಂದು ಸ್ಪ್ರೆಡ್‌ಶೀಟ್ ಸಾಕು. ವಾರ, ಕ್ಲೈಂಟ್ ಕೇಳಿದ ಪ್ರಶ್ನೆ, ಯಾರಿಗಾಗಿ, ಸರಕು ಎಲ್ಲಿದೆ, ಓದುಗರು ಮುಂದೆ ಏನು ಮಾಡಬೇಕು, ಏನಾಯ್ತು. ಇಷ್ಟೇ ಕಾಲಂಗಳು. ಇವುಗಳಲ್ಲಿ ಕ್ಯಾಲೆಂಡರನ್ನು ಉಳಿಸುವುದು "ಸರಕು ಎಲ್ಲಿದೆ" ಅನ್ನೋ ಕಾಲಂ. ಯಾವ ಪ್ರಾಜೆಕ್ಟಿನ ಯಾವ ಟಿಪ್ಪಣಿ, ಯಾವ ಲೆಕ್ಕದ ಹಾಳೆ ಅಂತ ಅಲ್ಲಿ ಬರೆದಿರಬೇಕು. ಆ ಕಾಲಂ ಖಾಲಿ ಇದ್ದರೆ ಆ ಬರಹ ಕ್ಯಾಲೆಂಡರಿಗೆ ಹೋಗಬಾರದು. ಈ ಒಂದು ನಿಯಮ ಪಾಲಿಸಿದರೆ ಬರೆಯುವ ದಿನ ಖಾಲಿ ಪುಟ ನೋಡುತ್ತಾ ಕೂರುವ ಕಷ್ಟ ತಪ್ಪುತ್ತದೆ.

ಆ ಸರಕು ಬರುವುದು ಪ್ರಶ್ನೆಪಟ್ಟಿಯಿಂದ. ಅದೇ ಸ್ಪ್ರೆಡ್‌ಶೀಟಿನ ಎರಡನೇ ಪುಟದಲ್ಲಿ ಇಟ್ಟುಕೊಳ್ಳಿ. ಪ್ರತಿ ಕ್ಲೈಂಟ್ ಮೀಟಿಂಗ್ ಮುಗಿದ ಕೂಡಲೇ, ಅವರು ಕೇಳಿದ್ದನ್ನು ಅವರ ಮಾತಲ್ಲೇ ಬರೆಯಿರಿ. ನಿಮ್ಮ ಭಾಷೆಗೆ ತಿದ್ದಬೇಡಿ. "ಇನ್ವೆಂಟರಿ ಟರ್ನೋವರ್ ಕಡಿಮೆ" ಅಂತ ಯಾವ ಮಾಲೀಕರೂ ಹೇಳುವುದಿಲ್ಲ, "ಮಾಲು ಅಲ್ಲಾಡ್ತಾನೇ ಇಲ್ಲ" ಅನ್ನುತ್ತಾರೆ. ಪ್ರಾಜೆಕ್ಟ್ ಜೋರಾಗಿರುವ ತಿಂಗಳಲ್ಲಿ ಈ ಪಟ್ಟಿ ಉದ್ದವಾಗುತ್ತದೆ. ಹಿಂದೆ ನಿಮ್ಮ ಕ್ಯಾಲೆಂಡರ್ ನಿಲ್ಲಿಸಿದ ಕೆಲಸವೇ ಹೀಗೆ ಅದಕ್ಕೆ ಸರಕು ಕೊಡುತ್ತದೆ.

ಆದರೂ ಕೆಲವು ವಾರ ಏನೂ ಆಗುವುದಿಲ್ಲ. ಅದಕ್ಕೆ ಎರಡು ಚಿಕ್ಕ ಪೋಸ್ಟ್ ಪೂರ್ತಿ ಬರೆದು ಇಟ್ಟಿರಿ, ಯಾವ ತಿಂಗಳಿಗೂ ಹೊಂದುವಂಥವು. ಬಳಸಿದ ತಿಂಗಳೇ ಇನ್ನೊಂದು ಬರೆದು ಜಾಗ ತುಂಬಿಸಿ. ಅದೂ ಮುಗಿದು ಏನನ್ನಾದರೂ ಬಿಡಲೇಬೇಕಾದರೆ ಮೊದಲ ವಾರದ ಪೋಸ್ಟ್ ಬಿಡಿ, ಆಮೇಲೆ ಮೂರನೆಯದು. ಲೇಖನ ಮತ್ತು ಇಮೇಲ್ ಉಳಿಸಿಕೊಳ್ಳಿ. ಅದರಲ್ಲೂ ಒಂದೇ ಆಗುತ್ತದೆ ಅಂದರೆ ಇಮೇಲ್. ತಾವಾಗಿ ವಿಳಾಸ ಕೊಟ್ಟ ಆ 300 ಜನ ನಿಮ್ಮ ಕೆಲಸಕ್ಕೆ ಎಲ್ಲರಿಗಿಂತ ಹತ್ತಿರದವರು.

ಕ್ಲೈಂಟ್ ಕಥೆ ಬರೆಯುವಾಗ

ನಿಜವಾದ ಕೆಲಸದಿಂದ ಬರೆಯಿರಿ ಅಂತ ಹೇಳಿದ್ದಕ್ಕೆ ಇದನ್ನೂ ಹೇಳಬೇಕು. ಹೆಸರು ತೆಗೆದರೆ ಗುಟ್ಟು ಉಳಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಯಂತ್ರದ ಬಗೆ, ಕೆಲಸಗಾರರ ಸಂಖ್ಯೆ, ನಷ್ಟದ ಮೊತ್ತ ಮೂರೂ ಒಟ್ಟಿಗೆ ಬಂದರೆ ಅದೇ ಉದ್ಯಮದವರು ಯಾರು ಅಂತ ಕ್ಷಣದಲ್ಲಿ ಹೇಳುತ್ತಾರೆ. ನಿಮ್ಮ ಒಪ್ಪಂದದಲ್ಲಿ ಗೌಪ್ಯತೆಯ ಷರತ್ತು ಏನಿದೆ ಓದಿ. ನಡೆಯುತ್ತಿರುವ ಪ್ರಾಜೆಕ್ಟ್ ಬಗ್ಗೆ ಬರೆಯಲೇಬೇಡಿ. ಮುಗಿದದ್ದರ ನಿಜವಾದ ಅಂಕಿ ಬೇಕಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಾಮಾನ್ಯವಾಗಿ ಮೇಲಿನ ಬೇರಿಂಗ್ ಲೆಕ್ಕದಂಥ ಕಲ್ಪಿತ ಉದಾಹರಣೆಯೇ ಸಾಕು. ಅದು ಉದಾಹರಣೆ ಅಂತ ಸ್ಪಷ್ಟವಾಗಿ ಹೇಳಿ. ಎರಡು ಮೂರು ಕ್ಲೈಂಟ್‌ಗಳನ್ನು ಬೆರೆಸಿ ಒಂದು ಕಥೆ ಮಾಡಿದರೆ ಅದನ್ನೂ ಹೇಳಿ. ನಿಮ್ಮ ಕ್ಲೈಂಟ್ ಆಗಬಹುದಾದವರು ಓದುವಾಗ "ನಾಳೆ ನಮ್ಮ ವಿಷಯವನ್ನೂ ಹೀಗೇ ಬರೀತಾರಾ?" ಅಂತ ನೋಡುತ್ತಿರುತ್ತಾರೆ.

ಕೆಲಸ ಮಾಡ್ತಿದೆಯಾ ಅಂತ ತಿಳಿಯೋದು

ಲೈಕ್ ಎಣಿಸಬೇಡಿ, ಲೈಕ್ ಮಾಡಿದವರು ಯಾರು ನೋಡಿ. ಎಲ್ಲರೂ ಬೇರೆ ಕನ್ಸಲ್ಟೆಂಟ್‌ಗಳೇ ಆಗಿದ್ದರೆ ನೀವು ಸಹೋದ್ಯೋಗಿಗಳಿಗಾಗಿ ಬರೆಯುತ್ತಿದ್ದೀರಿ. ಬಹಳ ಜನ ಇಲ್ಲಿ ಜಾರುತ್ತಾರೆ, ಏಕೆಂದರೆ ಆ ಚಪ್ಪಾಳೆ ಹಿತವಾಗಿರುತ್ತದೆ. "ಏನಾಯ್ತು" ಕಾಲಂನಲ್ಲಿ ಕಾರ್ಖಾನೆ ನಡೆಸುವವರು, ಖರೀದಿ ನೋಡುವವರು, ಸ್ಟೋರಿನವರು ಬರೆದ ಉತ್ತರಗಳನ್ನು ಮಾತ್ರ ದಾಖಲಿಸಿ. ತಿಂಗಳಿಗೆ ಎರಡೇ ಇದ್ದರೂ ಅವೇ ಲೆಕ್ಕ. ಹೊಸಬರ ಫೋನ್ ಬಂದಾಗ ಅವರ ಮೊದಲ ವಾಕ್ಯ ಬರೆದಿಡಿ. "ನೀವು ಬರೆದಿದ್ದಿರಲ್ಲ, ಅದೇ ನಮ್ಮಲ್ಲೂ ಆಗಿದೆ" ಅಂದರೆ ಆ ಥೀಮ್ ನಾಟಿದೆ.

ಮೂರು ತಿಂಗಳ ಒಂದು ಸುತ್ತಿಗೆ ತೀರ್ಮಾನ ಮಾಡಬೇಡಿ. ಪ್ರತಿ ಥೀಮ್ ಬಂದಿರುವುದೇ ಒಂದು ಸಲ. ಎರಡನೇ ಸುತ್ತಿನಲ್ಲಿ ಅದೇ ಥೀಮನ್ನು ಬೇರೆಯವರ ಕಡೆಯಿಂದ ನೋಡಿ. ಮೊದಲ ಸಲ "ಸಿಗದ ಸರಕು" ಮಾಲೀಕರಿಗಾಗಿ ಬರೆದಿದ್ದರೆ, ಎರಡನೇ ಸಲ ಸ್ಟೋರ್ ಕೀಪರ್‌ಗಾಗಿ: ಲೆವೆಲ್ ಮುಟ್ಟಿತು ಅಂತ ಅವರಿಗೆ ತಿಳಿಯೋದು ಹೇಗೆ, ತಿಳಿದ ಮೇಲೆ ಯಾರಿಗೆ ಹೇಳಬೇಕು, ಹೇಳಿದರೂ ಆರ್ಡರ್ ಹೋಗದಿದ್ದರೆ ಏನು ಮಾಡಬೇಕು. ಥೀಮ್ ಅದೇ, ಬರಹ ಹೊಸದು.

ಆರು ತಿಂಗಳಾದ ಮೇಲೆ ಪ್ರಶ್ನೆಪಟ್ಟಿ ತೆರೆದು ಪ್ರತಿ ಪ್ರಶ್ನೆಯ ಮುಂದೆ ಅದರ ಥೀಮ್ ಬರೆಯಿರಿ. ಒಂದು ಥೀಮಿಗೆ ಹೊಸ ಪ್ರಶ್ನೆಗಳೇ ಬಂದಿಲ್ಲ, ಫೋನೂ ಬಂದಿಲ್ಲ ಅಂದರೆ ಅದನ್ನು ತೆಗೆಯಿರಿ. ಯಾವ ಥೀಮಿಗೂ ಸೇರದ ಏಳೆಂಟು ಪ್ರಶ್ನೆಗಳು ಒಂದೇ ಕಡೆ ಬೊಟ್ಟು ಮಾಡುತ್ತಿದ್ದರೆ, ಅದು ನೀವು ಮಾಡಿಕೊಡುವ ಕೆಲಸವೂ ಆಗಿದ್ದರೆ, ತೆಗೆದ ಜಾಗಕ್ಕೆ ಅದನ್ನು ತನ್ನಿ. ಮೂರನ್ನೂ ಒಂದೇ ಸಲ ಬದಲಿಸಬೇಡಿ. ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದಿಲ್ಲ, ಆರು ತಿಂಗಳಲ್ಲಿ ಕಟ್ಟಿಕೊಂಡ ಗುರುತೂ ಹೋಗುತ್ತದೆ.